ಎಸ್‌ಒಪಿಯಲ್ಲಿ ಕೇಟಿಯ ಬಗ್ಗೆ ಬರೆಯುವುದು ಹೇಗೆ?

ಡಿಸೆಂಬರ್ ಹತ್ತಿರ ಬಂತೆಂದರೆ ಡೊಂಬಿವಲಿಯ ನಮ್ಮ ಮನೆಗೆ ಮಕ್ಕಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ವಿದೇಶದಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವ ಕಾಲ ಅದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಹಾಗಾಗಿ ಅಕ್ಕಪಕ್ಕದ ಕನ್ನಡದ ಮನೆಗಳವರು, 'ಇವನ ಎಸ್‌ಒಪಿ ಒಮ್ಮೆ ನೋಡ್ತೀರಾ?' ಎಂದು ಕಳಿಸುತ್ತಾರೆ. ಈ ಕೋರ್ಸನ್ನೇ ಯಾಕೆ ಓದಬೇಕು, ನನಗೆ ಅದಕ್ಕೆ ಏನು ತಯಾರಿ ಇದೆ ಎಂದು ಅರ್ಜಿ ಹಾಕುವವರೇ ಬರೆದುಕೊಡುವ ಎರಡು ಪುಟದ ಬರಹ ಅದು.

ಉಳಿದದ್ದನ್ನೆಲ್ಲ ಮಕ್ಕಳು ಚೆನ್ನಾಗಿಯೇ ಬರೆದಿರುತ್ತಾರೆ. ಎಡವುವುದು ಕೇಟಿಯ ವಿಷಯಕ್ಕೆ ಬಂದಾಗ. ಊರ ಕಡೆ ಬ್ಯಾಕ್‌ಲಾಗ್ ಎನ್ನುವುದನ್ನು ಮುಂಬೈ, ಪುಣೆಯಲ್ಲಿ ಎಟಿಕೆಟಿ, ಬಾಯಿಮಾತಿನಲ್ಲಿ ಕೇಟಿ, ಎನ್ನುತ್ತಾರೆ. 'ಅಲೌಡ್ ಟು ಕೀಪ್ ಟರ್ಮ್ಸ್' ಎಂಬುದರ ಚಿಕ್ಕ ರೂಪ ಅದು. ಫೇಲಾದ ಪೇಪರನ್ನು ಬೆನ್ನಿಗೆ ಕಟ್ಟಿಕೊಂಡೇ ಮುಂದಿನ ಸೆಮಿಸ್ಟರ್‌ಗೆ ಹೋಗಲು ಸಿಗುವ ಅನುಮತಿ. ಕೆಲವರು ಅದನ್ನು ಪೂರ್ತಿ ಮುಚ್ಚಿಡುತ್ತಾರೆ. ಇನ್ನು ಕೆಲವರು ಒಂದು ಪುಟ ತುಂಬಾ ಕ್ಷಮೆ ಕೇಳುತ್ತಾರೆ. ಎರಡೂ ಅರ್ಜಿಯನ್ನು ಕೆಡಿಸುತ್ತವೆ.

ಕಳೆದ ಬಾರಿ ಬಂದಿದ್ದ ಒಬ್ಬ ಹುಡುಗನ ಅರ್ಜಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಷನ್ ಓದಿದವನು. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಎಂ.ಎಸ್. ಮಾಡುವ ಆಸೆ. ಮೂರನೇ ಸೆಮಿಸ್ಟರಿನ ಗಣಿತ, ಅಂದರೆ ಎಂ-ಥ್ರೀ, ಮತ್ತು ನಾಲ್ಕನೆಯದರ ಎಂ-ಫೋರ್, ಎರಡರಲ್ಲೂ ಕೇಟಿ ಬಿದ್ದಿತ್ತು. ಅವನ ಮೊದಲ ಪ್ರಶ್ನೆಯೇ, "ಆಂಟಿ, ಕೇಟಿ ಅಂತ ಬರೆದ್ರೆ ಅಡ್ಮಿಷನ್ ಸಿಗಲ್ಲ ಅಲ್ವಾ?"

ಮೊದಲ ಹೆಜ್ಜೆ: ಎಲ್ಲ ಮಾರ್ಕ್‌ಶೀಟ್‌ಗಳನ್ನು ಹರಡಿಕೊಂಡು ಒಂದು ಹಾಳೆಯಲ್ಲಿ ಸೆಮಿಸ್ಟರ್, ಹತ್ತಕ್ಕೆ ಎಷ್ಟು ಎಂದು ಹೇಳುವ ಪಾಯಿಂಟರ್, ಕೇಟಿ, ಅದು ಎಷ್ಟನೇ ಪ್ರಯತ್ನದಲ್ಲಿ ಪಾಸಾಯಿತು ಎಂದು ಬರೆದುಕೊಳ್ಳಿ. ನೆನಪಿನಿಂದ ಬರೆಯಬೇಡಿ. ಈ ಹುಡುಗ ಎಂ-ಥ್ರೀ ಎರಡನೇ ಪ್ರಯತ್ನದಲ್ಲಿ ಪಾಸಾದೆ ಎಂದೇ ನಂಬಿದ್ದ. ಹಾಳೆಗಳನ್ನು ಜೋಡಿಸಿ ನೋಡಿದರೆ ಮೂರನೆಯದು.

ಎರಡನೇ ಹೆಜ್ಜೆ: ಎಲ್ಲಿ ಹೇಳಬೇಕು ಎಂದು ತೀರ್ಮಾನಿಸಿ. ಅರ್ಜಿಯ ಫಾರ್ಮ್‌ನಲ್ಲಿ ಎಷ್ಟು ಬ್ಯಾಕ್‌ಲಾಗ್ ಎಂಬ ಕಾಲಂ ಇದ್ದರೆ ಅಲ್ಲಿ ಸರಿಯಾದ ಸಂಖ್ಯೆ ಹಾಕಲೇಬೇಕು, ಇದರಲ್ಲಿ ಚರ್ಚೆಯೇ ಇಲ್ಲ. ಆಮೇಲೆ ಪಾಸಾಗಿದ್ದೀರಿ, ಅಂದರೆ ಅದು ಡೆಡ್ ಕೇಟಿ, ಎಂಬ ಕಾರಣಕ್ಕೆ ಸೊನ್ನೆ ಬರೆಯಬೇಡಿ. ಮಾರ್ಕ್‌ಶೀಟ್ ಮೇಲೆ ಪರೀಕ್ಷೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಮೂರನೇ ಸೆಮಿಸ್ಟರಿನ ಪೇಪರು ಒಂದು ವರ್ಷ ತಡವಾಗಿ ಪಾಸಾಗಿದ್ದರೆ ಅದನ್ನು ಓದುವವರಿಗೆ ಕಂಡೇ ಕಾಣುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಕಾಲೇಜಿನಿಂದ ಬ್ಯಾಕ್‌ಲಾಗ್ ಸರ್ಟಿಫಿಕೇಟನ್ನೂ ಕೇಳುತ್ತವೆ. ಸುಳ್ಳು ಮಾಹಿತಿ ಕೊಟ್ಟದ್ದು ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು. ನನಗೆ ಇದು ತುಂಬಾ ಸಿಟ್ಟು ಬರಿಸುವ ವಿಷಯ. ನನ್ನ ಪರಿಚಯದ ಹುಡುಗಿಯೊಬ್ಬಳ ಫಾರ್ಮ್‌ನಲ್ಲಿ, ಫೀಸು ತೆಗೆದುಕೊಂಡು ಅರ್ಜಿ ತುಂಬಿಕೊಡುವ ಒಬ್ಬ ಕನ್ಸಲ್ಟೆಂಟ್ ಅವಳಿಗೆ ಹೇಳದೆಯೇ 3 ಎಂಬುದನ್ನು 0 ಮಾಡಿದ್ದ. ಸಬ್‌ಮಿಟ್ ಒತ್ತುವ ಹಿಂದಿನ ರಾತ್ರಿ ಅವಳೇ ನೋಡಿದಳು. ಫೀಸು ಎಷ್ಟೇ ಕೊಟ್ಟಿರಿ, ಕೊನೆಯ ಸಬ್‌ಮಿಟ್ ನಿಮ್ಮ ಕೈಯಿಂದಲೇ ಆಗಲಿ.

ಎಸ್‌ಒಪಿಯ ಮಾತು ಬೇರೆ. ಮೊದಲ ವರ್ಷದಲ್ಲಿ ಒಂದೇ ಒಂದು ಕೇಟಿ ಬಿದ್ದು, ಆಮೇಲೆ ಎಲ್ಲ ಸರಿ ಇದ್ದರೆ ಅದನ್ನು ಅಲ್ಲಿ ಎಳೆದು ತರುವುದೇ ಬೇಡ. ಆದರೆ ಫೇಲಾದ ವಿಷಯ ನೀವು ಓದಹೊರಟ ಕೋರ್ಸಿಗೆ ಅಡಿಪಾಯವಾಗಿದ್ದರೆ ಹೇಳಲೇಬೇಕು. ಸಿಗ್ನಲ್ ಪ್ರೊಸೆಸಿಂಗ್‌ಗೆ ಗಣಿತವೇ ಜೀವ. ಎಂ-ಥ್ರೀಯಲ್ಲಿ ಲಾಪ್ಲಾಸ್ ಬರುತ್ತದೆ, ಒಂದು ಸಿಗ್ನಲ್‌ನಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ಬಿಡಿಸಿ ತೋರಿಸುವ ಫೂರಿಯೇಯೂ ಬರುತ್ತದೆ. ಅದರಲ್ಲೇ ಫೇಲಾದವನು ಈ ಕೋರ್ಸನ್ನು ಹೇಗೆ ಓದುತ್ತಾನೆ ಎಂಬುದೇ ಆಯ್ಕೆ ಸಮಿತಿಯವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ. ನೀವು ಉತ್ತರ ಕೊಡದಿದ್ದರೆ ಅವರೇ ಒಂದು ಉತ್ತರ ಊಹಿಸಿಕೊಳ್ಳುತ್ತಾರೆ. ಅರ್ಜಿಯಲ್ಲಿ 'ಹೆಚ್ಚಿನ ಮಾಹಿತಿ' ಎಂಬ ಬೇರೆ ಜಾಗ ಇದ್ದರೆ ಅಲ್ಲೇ ಬರೆಯಿರಿ. ಇಲ್ಲದಿದ್ದರೆ ಎಸ್‌ಒಪಿಯ ನಡುವೆ ಬರಲಿ. ಮೊದಲ ಪ್ಯಾರಾದಲ್ಲಿ ಬೇಡ, ಕೊನೆಯದರಲ್ಲಂತೂ ಬೇಡವೇ ಬೇಡ.

ಇನ್ನು ಮೂರನೇ ಹೆಜ್ಜೆ, ಆ ಪ್ಯಾರಾವನ್ನು ಬರೆಯುವುದು. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಹುಡುಗ ತಂದಿದ್ದ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಕೌಟುಂಬಿಕ ಕಾರಣಗಳಿಂದ ಎರಡನೇ ವರ್ಷದಲ್ಲಿ ನನ್ನ ಸಾಧನೆ ಅಂದುಕೊಂಡ ಮಟ್ಟದಲ್ಲಿರಲಿಲ್ಲ. ಆದರೆ ಈ ಸೋಲು ನನಗೆ ಜೀವನದ ದೊಡ್ಡ ಪಾಠ ಕಲಿಸಿತು. ಈಗ ನಾನು ಹೊಸ ಮನುಷ್ಯನಾಗಿದ್ದೇನೆ."

"ಮನೆಯಲ್ಲಿ ಏನಾಗಿತ್ತಪ್ಪಾ?" ಎಂದು ಕೇಳಿದೆ.

"ಏನೂ ಇಲ್ಲ ಆಂಟಿ. ಕನ್ಸಲ್ಟೆಂಟ್ ಕೊಟ್ಟ ಸ್ಯಾಂಪಲ್‌ನಲ್ಲಿ ಹಾಗೇ ಇತ್ತು."

ಇಂಥ ರೆಡಿಮೇಡ್ ಸ್ಯಾಂಪಲ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಅದೇ ವಾಕ್ಯ ನೂರು ಅರ್ಜಿಗಳಲ್ಲಿ ಇರುತ್ತದೆ. ಅದೂ ಅಲ್ಲದೆ ಈ ಮೂರು ವಾಕ್ಯಗಳಲ್ಲಿ ಯಾವ ಪೇಪರು, ಎಷ್ಟು ಪೇಪರು, ಯಾಕೆ, ಆಮೇಲೆ ಏನು ಎಂಬ ಒಂದಕ್ಕೂ ಉತ್ತರವಿಲ್ಲ.

ಚಹಾ ಕುಡಿಯುತ್ತಾ ನಿಧಾನಕ್ಕೆ ಕೇಳಿದ ಮೇಲೆ ನಿಜವಾದ ಕಾರಣ ಬಂತು. "ನಾನು ಡಿಪ್ಲೊಮಾದಿಂದ ಬಂದವನು. ಕ್ಲಾಸಲ್ಲಿ ಎಲ್ಲರಿಗೂ ಎಂ-ಒನ್, ಎಂ-ಟೂ ಆಗಿತ್ತು. ನನಗೆ ಇಂಟಿಗ್ರೇಷನ್ನೇ ಅರ್ಧ ಬರ್ತಿತ್ತು." ಮಹಾರಾಷ್ಟ್ರದಲ್ಲಿ ಪಾಲಿಟೆಕ್ನಿಕ್ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರುತ್ತಾರೆ. ಮೊದಲ ವರ್ಷದ ಗಣಿತ ಅವರಿಗೆ ತಪ್ಪಿಹೋಗುತ್ತದೆ. ಎಂ-ಥ್ರೀಯಲ್ಲಿ ಅಂಥ ಎಷ್ಟೋ ಮಕ್ಕಳು ಮುಗ್ಗರಿಸುವುದನ್ನು ನಾನೇ ತರಗತಿಯಲ್ಲಿ ನೋಡಿದ್ದೇನೆ. ಇಷ್ಟು ಗಟ್ಟಿ ಕಾರಣ ಕೈಯಲ್ಲಿರುವಾಗ ಇಲ್ಲದ ಕೌಟುಂಬಿಕ ಕಷ್ಟ ಯಾಕೆ ಬೇಕು?

ಆದರೆ ಕಾರಣ ಹೇಳುವುದು ಬೇರೆ, ದೂರುವುದು ಬೇರೆ. 'ನಮಗೆ ಗಣಿತ ಕಲಿಸಿರಲಿಲ್ಲ' ಎಂದು ನಿಲ್ಲಿಸಿದರೆ ಅದು ದೂರು. ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದೂ ಬರೆಯಬೇಕು. ನಾವಿಬ್ಬರೂ ಕೂತು ತಿದ್ದಿದ ಮೇಲೆ ಅದು ಹೀಗಾಯಿತು:

"ಡಿಪ್ಲೊಮಾ ಮುಗಿಸಿ ನಾನು ನೇರವಾಗಿ ಎರಡನೇ ವರ್ಷಕ್ಕೆ ಸೇರಿದೆ. ಮೊದಲ ವರ್ಷದ ಗಣಿತವನ್ನು ಓದಿರಲಿಲ್ಲ, ಸೇರಿದ ಮೇಲೆ ಆ ಕೊರತೆಯನ್ನು ತುಂಬಿಕೊಳ್ಳಲೂ ಇಲ್ಲ. ಹೀಗಾಗಿ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದೆ. ಆಮೇಲಿನ ರಜೆಯಲ್ಲಿ ಮೊದಲ ವರ್ಷದ ಪುಸ್ತಕದಿಂದಲೇ ಓದಲು ಶುರುಮಾಡಿದೆ. ಐದನೇ ಸೆಮಿಸ್ಟರಿನ ಜೊತೆಗೆ ಎರಡನ್ನೂ ಪಾಸು ಮಾಡಿದೆ, ಒಂದನ್ನು ಮೂರನೇ ಪ್ರಯತ್ನದಲ್ಲಿ, ಇನ್ನೊಂದನ್ನು ಎರಡನೆಯದರಲ್ಲಿ. ನಾನು ಫೇಲಾಗಿದ್ದ ಆ ಫೂರಿಯೇ ಪಾಠವೇ ಕೊನೆಯ ವರ್ಷದ ನನ್ನ ಪ್ರಾಜೆಕ್ಟಿಗೆ ಬುನಾದಿ."

ಇಷ್ಟೇ. ಇದಕ್ಕಿಂತ ಉದ್ದ ಬೇಡ. ಕೊನೆಯ ವಾಕ್ಯವನ್ನು ಗಮನಿಸಿ. ಅದು ಓದುವವರನ್ನು ಕೇಟಿಯಿಂದ ಪ್ರಾಜೆಕ್ಟಿಗೆ ದಾಟಿಸುತ್ತದೆ. 'ಆದರೆ ನಾನು ತುಂಬಾ ಶ್ರಮಜೀವಿ' ಎಂದು ಬರೆದರೆ ಯಾರೂ ದಾಟುವುದಿಲ್ಲ. ಫೇಲಾದ ವಿಷಯಕ್ಕೂ ಮುಂದೆ ತೋರಿಸುವ ಬಲಕ್ಕೂ ನೇರ ನಂಟು ಇರಬೇಕು. ಗಣಿತದ ಕೇಟಿಯ ಪಕ್ಕದಲ್ಲಿ ಕಾಲೇಜು ಫೆಸ್ಟ್‌ನ ಸಂಘಟನೆಯನ್ನು ತಂದಿಟ್ಟರೆ ಅದು ಮಾತು ತಪ್ಪಿಸಿದಂತೆ ಕಾಣುತ್ತದೆ.

ದಾಟಿಸಿದ ಮೇಲೆ ಅಲ್ಲಿ ಹಿಡಿದು ನಿಲ್ಲಿಸುವಂಥದ್ದು ಏನಾದರೂ ಇರಬೇಕು. ಅವನ ಪ್ರಾಜೆಕ್ಟ್ ಮೋಟಾರಿನ ನಡುಕವನ್ನು ಅಳೆದು ಬೇರಿಂಗ್ ಕೆಟ್ಟಿದೆಯೇ ಎಂದು ಹೇಳುವುದು. ಮೊದಲು ಅವನು 'ಫೂರಿಯೇ ಬಳಸಿ ದೋಷ ಪತ್ತೆಹಚ್ಚಿದೆ' ಎಂದಷ್ಟೇ ಬರೆದಿದ್ದ. ನಡುವೆ ಏನು ಕಷ್ಟ ಬಂತು ಎಂದು ಕೇಳಿದಾಗ ಹುಡುಗನ ಮುಖ ಅರಳಿತು. ಗ್ರಾಫ್‌ನಲ್ಲಿ 50 ಹರ್ಟ್ಸ್ ಹತ್ತಿರ ಯಾವಾಗಲೂ ಒಂದು ಗೆರೆ ಎದ್ದು ನಿಲ್ಲುತ್ತಿತ್ತಂತೆ. ಅದೇ ದೋಷ ಎಂದುಕೊಂಡು ಎರಡು ವಾರ ಅದರ ಹಿಂದೆ ಬಿದ್ದ. ಒಂದು ದಿನ ಮೋಟಾರ್ ನಿಲ್ಲಿಸಿದರೂ ಗೆರೆ ಹೋಗಲಿಲ್ಲ. ನೋಡಿದರೆ ಅದು ಮೋಟಾರಿನದಲ್ಲ, ಕರೆಂಟಿನದು. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು, ಸೆನ್ಸರಿನ ಉದ್ದನೆಯ ವೈರು ಅದನ್ನು ಎಳೆದುಕೊಳ್ಳುತ್ತಿತ್ತು. ವೈರು ಗಿಡ್ಡ ಮಾಡಿ, ಜಾಲರಿ ಹೊದಿಕೆ ಇರುವುದನ್ನು ಹಾಕಿದ ಮೇಲೆ ಗೆರೆ ಇಳಿಯಿತು.

ಇದನ್ನೇ ಬರೆಯಲು ಹೇಳಿದೆ. ಈ ಆರು ಸಾಲು ಓದಿದ ಪ್ರೊಫೆಸರಿಗೆ, ಹುಡುಗನಿಗೆ ಫೂರಿಯೇ ಪಾಸಾಗುವಷ್ಟು ಮಾತ್ರವಲ್ಲ, ಕೈಯಲ್ಲಿ ಹಿಡಿದು ಕೆಲಸ ಮಾಡುವಷ್ಟು ಗೊತ್ತಿದೆ ಎಂದು ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಅಂಕಿಗಳು. ಅವನ ಪಾಯಿಂಟರ್ ಮೂರರಿಂದ ಎಂಟನೇ ಸೆಮಿಸ್ಟರ್‌ವರೆಗೆ 5.2, 5.9, 7.0, 7.7, 8.3, 8.5. ಎಲ್ಲದರ ಸರಾಸರಿ 7.1. ಕೊನೆಯ ನಾಲ್ಕರದ್ದು ಸುಮಾರು 7.9. ಸೆಮಿಸ್ಟರ್‌ಗಳ ಕ್ರೆಡಿಟ್ ಬೇರೆ ಬೇರೆ ಇದ್ದರೆ ಪಾಯಿಂಟರನ್ನು ಆಯಾ ಕ್ರೆಡಿಟ್‌ನಿಂದ ಗುಣಿಸಿ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಕೊನೆಯ 60 ಕ್ರೆಡಿಟ್‌ಗಳ ಅಂಕವನ್ನು ಬೇರೆಯಾಗಿ ನೋಡುತ್ತವೆ. ಹಾಗಾಗಿ 7.9 ಹೇಳುವುದರಲ್ಲಿ ತಪ್ಪಿಲ್ಲ. ಆದರೆ ರೆಸ್ಯೂಮೆಯಲ್ಲಿ ಸುಮ್ನೆ 7.9 ಎಂದು ಹಾಕಿದರೆ ಅದು ಮೋಸ. '7.1, ಕೊನೆಯ ನಾಲ್ಕು ಸೆಮಿಸ್ಟರ್ 7.9' ಎಂದು ಎರಡೂ ಒಂದೇ ಸಾಲಿನಲ್ಲಿ ಇರಲಿ.

ಇಲ್ಲೊಂದು ಮಿತಿಯೂ ಇದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ನಿಮ್ಮ ಅಂತಿಮ ಅಂಕವನ್ನು ಒಂದು ಸೂತ್ರಕ್ಕೆ ಹಾಕಿ ಅವರ ಅಳತೆಗೆ ತರುತ್ತಾರೆ. ಅಲ್ಲಿ 1 ಅತಿ ಒಳ್ಳೆಯದು, 4 ಬರೀ ಪಾಸು. ಗರಿಷ್ಠ 10, ಪಾಸಿಗೆ 4 ಎಂದಿಟ್ಟುಕೊಂಡರೆ 7.1 ಎಂಬುದು 2.45 ಆಗುತ್ತದೆ. ಕೋರ್ಸಿಗೆ 2.3ಕ್ಕಿಂತ ಕಡಿಮೆ ಸಂಖ್ಯೆ ಇರಲೇಬೇಕು ಎಂದು ಬರೆದಿದ್ದರೆ ಎಷ್ಟು ಚೆಂದದ ಪ್ಯಾರಾ ಬರೆದರೂ ಉಪಯೋಗವಿಲ್ಲ. ಆ ಅರ್ಜಿಯ ಫೀಸನ್ನು ಉಳಿಸಿಕೊಳ್ಳಿ.

ಶಿಫಾರಸು ಪತ್ರಕ್ಕೆ ವಿಭಾಗದ ಮುಖ್ಯಸ್ಥರ ಹಿಂದೆ ಹೋಗಬೇಡಿ. ಪ್ರಾಜೆಕ್ಟ್ ಗೈಡ್ ಹತ್ತಿರ ಹೋಗಿ, ಮಾರ್ಕ್‌ಶೀಟ್ ತೋರಿಸಿ, 'ಸರ್, ಎಂ-ಥ್ರೀ ಬಗ್ಗೆ ನಾನು ಬರೆದಿದ್ದೇನೆ' ಎಂದು ಮೊದಲೇ ತಿಳಿಸಿ. ಗಣಿತದಲ್ಲಿ ಹುಡುಗ ಸುಧಾರಿಸಿದ್ದಾನೆ ಎಂಬ ಮಾತು ಅವರ ಬಾಯಿಂದ ಬಂದರೆ ತೂಕ ಜಾಸ್ತಿ.

ಕೇಟಿ ಇನ್ನೂ ಲೈವ್ ಇದ್ದರೆ 'ಖಂಡಿತ ಪಾಸಾಗುತ್ತೇನೆ' ಎಂದು ಬರೆಯಬೇಡಿ. ಯಾವ ಪೇಪರು, ಯಾವ ತಿಂಗಳು ಪರೀಕ್ಷೆ, ಫಲಿತಾಂಶ ಬಂದ ಕೂಡಲೇ ಕಳಿಸುತ್ತೇನೆ, ಇಷ್ಟು ಸಾಕು.

ಸಂದರ್ಶನದಲ್ಲಿ ಕೇಳಿದರೆ ಬರೆದದ್ದನ್ನೇ ನಾಲ್ಕು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಎದುರಿನವರು ಸುಮ್ಮನಿದ್ದರೂ ಐದನೇ ವಾಕ್ಯ ಹೇಳಬೇಡಿ, ಗಾಬರಿ ಹೊರಗೆ ಬೀಳುವುದು ಆ ಐದನೆಯದರಲ್ಲೇ. ಇದನ್ನು ನಮ್ಮ ಅಡುಗೆಮನೆಯಲ್ಲಿ ಅವನಿಂದ ಹತ್ತು ಸಲ ಹೇಳಿಸಿದೆ. ವಿಡಿಯೊ ಕಾಲ್‌ನಲ್ಲಿ ಪ್ರೊಫೆಸರ್ ಎಂ-ಥ್ರೀ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ. ಉಳಿದ ಹೊತ್ತೆಲ್ಲ ವೈರಿನ ಮಾತು.