ಬಸಿಗಾಲುವೆಗೆ ನಾಲ್ಕು ಅಡ್ಡಗಟ್ಟೆ: ಪೀಟ್ ಮಣ್ಣಿನ ಗದ್ದೆಯಲ್ಲಿ ನನ್ನ ಅನುಭವ

ಕೊಡಗಿನ ಗದ್ದೆಬಯಲಿನ ತಳದಲ್ಲಿ ಅಲ್ಲಲ್ಲಿ ಕಪ್ಪಗೆ, ಸ್ಪಂಜಿನಂತೆ ಹಗುರವಾದ ಮಣ್ಣು ಸಿಗುತ್ತದೆ. ಹಿಂಡಿದರೆ ಕಂದು ನೀರು, ಬೆರಳ ಸಂದಿನಲ್ಲಿ ನಾರು. ಕೊಳೆಯದೆ ಉಳಿದ ಸಸ್ಯದ ಪದರ ಅದು, ಪೀಟ್. ಶುಂಠಿಗೆಂದು ಮೂರಡಿ ಬಸಿಗಾಲುವೆ ತೋಡಿದರೆ ಗಾಳಿ ಒಳಗಿಳಿಯುತ್ತದೆ, ಅಷ್ಟು ಕಾಲ ನೀರೊಳಗಿದ್ದ ನಾರು ಕೊಳೆತು ಗಾಳಿಗೆ ಹೋಗುತ್ತದೆ. ನೆಲ ಕುಸಿದಂತೆ ಕಾಲುವೆ ಇನ್ನೂ ಆಳ, ಅದರಿಂದ ಇನ್ನೂ ಕುಸಿತ. ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ 1850ರ ದಶಕದ ಆರಂಭದಲ್ಲಿ ನೆಲಮಟ್ಟಕ್ಕೆ ಹೂತ ಕಂಬ ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ.

ಮೊದಲು ಅಳತೆ. ಎರಡಿಂಚಿನ ಪಿವಿಸಿ ಪೈಪಿಗೆ ಸುತ್ತ ತೂತು ಕೊರೆದು, ಕೆಳಗಿನ ಜೇಡಿಗೆ ತಾಗಿ ಗಟ್ಟಿಯಾಗಿ ನಿಲ್ಲುವವರೆಗೆ ಇಳಿಸಿದೆ. ಜೇಡಿ ಮುಟ್ಟದಿದ್ದರೆ ಪೈಪೂ ಮಣ್ಣಿನ ಜೊತೆಗೇ ಕುಸಿಯುತ್ತದೆ, ಅಳತೆ ಸುಳ್ಳಾಗುತ್ತದೆ. ನೆಲಮಟ್ಟಕ್ಕೆ ಹ್ಯಾಕ್ಸಾದಿಂದ ಗೀರು ಹಾಕಿದರೆ ಕುಸಿತ ಗೊತ್ತಾಗುತ್ತದೆ, ಒಳಗೆ ಒಣಕಡ್ಡಿ ಇಳಿಸಿದರೆ ನೀರಿನ ಮಟ್ಟ. ನನ್ನಲ್ಲಿ ಫೆಬ್ರವರಿಗೆ ನೀರು 85 ಸೆಂ.ಮೀ. ಕೆಳಗಿತ್ತು, ವರ್ಷದಲ್ಲಿ ಗೀರು 4 ಸೆಂ.ಮೀ. ಮೇಲೆ ಬಂದಿತ್ತು.

ಕಾಲುವೆಯ ಬಾಯಿಗೆ ಒಂದೇ ದೊಡ್ಡ ಕಟ್ಟೆ ಹಾಕುವುದು ದಂಡ. ಕೆಳಗಡೆ ಮುಳುಗುತ್ತದೆ, ಮೇಲುತುದಿ ಒಣಗುತ್ತದೆ, ನೀರಿನ ಒತ್ತಡಕ್ಕೆ ಮೆತ್ತನೆಯ ದಡ ಬದಿಯಿಂದ ಕೊರೆದುಹೋಗುತ್ತದೆ. 60 ಮೀಟರ್ ಕಾಲುವೆಯ ಇಳಿಜಾರು 80 ಸೆಂ.ಮೀ. ಇದ್ದದ್ದರಿಂದ, 20 ಸೆಂ.ಮೀ. ಇಳಿತಕ್ಕೊಂದರಂತೆ ನಾಲ್ಕು ಅಡ್ಡಗಟ್ಟೆ ಹಾಕಿದೆ. ಕಟ್ಟೆಯ ಹಿಂದೆ ನೀರು ನೆಲದಿಂದ 30 ಸೆಂ.ಮೀ. ಕೆಳಗೆ, ಆ ಮೆಟ್ಟಿಲಿನ ಮೇಲುತುದಿಯಲ್ಲಿ 50. ಚೀಲಕ್ಕೆ ಜೇಡಿಯನ್ನೇ ತುಂಬಬೇಕು, ಒಣಗಿದ ಪೀಟ್ ತೇಲುತ್ತದೆ. ಚೀಲಗಳು ಎರಡೂ ದಡದೊಳಗೆ ಎರಡಡಿ ಹೋಗಿರಲಿ. ಹೆಚ್ಚಿನ ನೀರು ಹರಿಯಲು ನಾಲ್ಕಿಂಚಿನ ಪೈಪು ಇಟ್ಟು, ಅದು ಬೀಳುವಲ್ಲಿ ಕಲ್ಲು ಹಾಸಿದೆ. ಈ ಮಟ್ಟದಲ್ಲಿ ಶುಂಠಿಗೆ ಕೊಳೆರೋಗದ ಭಯ ಇದ್ದೇ ಇದೆ, ಅಲ್ಲಿ ಈಗ ಮೇವಿನ ಹುಲ್ಲು. ಕುಸಿತ ನಿಧಾನವಾಗಿದೆ, ನಿಂತಿಲ್ಲ.

ಒಮ್ಮೆ ಪೂರ್ತಿ ಒಣಗಿದ ಪೀಟ್ ಮತ್ತೆ ಸುಲಭಕ್ಕೆ ನೀರು ಕುಡಿಯುವುದಿಲ್ಲ. ಹನಿ ಬಿಟ್ಟರೆ ಕೆಸುವಿನೆಲೆಯ ಮೇಲಿನಂತೆ ಉರುಳುತ್ತದೆ. ಬೆಂಕಿ ಹಿಡಿಯುವುದು ಅಲ್ಲೇ. ಬದುವಿನ ಹುಲ್ಲಿಗೆ ಇಟ್ಟ ಕಿಡಿ ಒಳಗಿಳಿದು, ಜ್ವಾಲೆಯಿಲ್ಲದೆ ಅಡ್ಡಡ್ಡ ಹರಿದು, ದಿನಗಳಾದ ಮೇಲೆ ಬೇರೆಲ್ಲೋ ಹೊಗೆಯಾಡುತ್ತದೆ. ಬೆಳಿಗ್ಗೆ ನಮ್ಮ ಮಂಜಿನಲ್ಲಿ ಹೊಗೆ ಕಣ್ಣಿಗೆ ಬೀಳದು, ಮೂಗನ್ನೇ ನಂಬಬೇಕು.

ಮೇಲಿಂದ ನೀರು ಎರಚಿದರೆ ಹೊರಪದರ ಮಾತ್ರ ನೆನೆಯುತ್ತದೆ. ಮೊದಲು ಹೊಗೆಯ ಆಚೆ ಸುತ್ತಲೂ, ಜೇಡಿ ಅಥವಾ ಒದ್ದೆ ಪದರ ಸಿಗುವವರೆಗೆ ಕಂದಕ ತೋಡಬೇಕು. ಕಾಲಿಡುವ ಮುನ್ನ ಉದ್ದ ಕೋಲಿನಿಂದ ಚುಚ್ಚಿ ನೋಡಿ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ನೆಲ ಕಾಲ ಕೆಳಗೇ ಕುಸಿಯುತ್ತದೆ. ಹೊಗೆಯ ಮೇಲೆ ಬಗ್ಗಿ ನಿಲ್ಲಬೇಡಿ, ವಿಷಗಾಳಿ ಇರುತ್ತದೆ. ಆಮೇಲೆ ಪಂಪಿನ ನೀರು ಬಿಟ್ಟು, ಉದ್ದ ಹಿಡಿಯ ಗುದ್ದಲಿಯಿಂದ ಕಲಸಿ ಗಂಜಿಯಂತೆ ಮಾಡಬೇಕು. ಅಂಗೈ ಹಿಂಬದಿಯನ್ನು ಮಣ್ಣಿನ ಸಮೀಪ ಹಿಡಿದು, ಬಿಸಿ ತಾಗಿದಲ್ಲಿ ಮತ್ತೆ ನೀರು. ಇದನ್ನು ಮೂರ್ನಾಲ್ಕು ಬೆಳಿಗ್ಗೆ ಮಾಡಬೇಕಾಗುತ್ತದೆ.

ಜೂನ್ ಮಳೆ ಹಿಡಿಯುವ ಮೊದಲು ಪ್ರತಿ ಕಟ್ಟೆಯ ಮೇಲಿನ ಎರಡು ಸಾಲು ಚೀಲ ತೆಗೆದಿಡುತ್ತೇನೆ. ಅಕ್ಟೋಬರಿನಲ್ಲಿ ಮಳೆ ಇಳಿದ ಕೂಡಲೇ, ಕಾಲುವೆಯಲ್ಲಿ ಇನ್ನೂ ಹರಿವಿರುವಾಗಲೇ ಮತ್ತೆ ಜೋಡಿಸುತ್ತೇನೆ. ಜನವರಿಗೆ ಬಿಟ್ಟರೆ ಹಿಡಿಯಲು ನೀರೇ ಇರುವುದಿಲ್ಲ.