52 ಸೆಕೆಂಡಿನ ವಿಡಿಯೋದಿಂದ 6 ಸಾಲಿನ ಸ್ಟೆಪ್ಸ್: ನನ್ನ ಅನುಭವ

ಆ್ಯಪುಗಳಲ್ಲಿ ಬಗ್ ಹುಡುಕಿ, ಅದನ್ನು ಮತ್ತೆ ಬರಿಸುವ ಸ್ಟೆಪ್ಸ್ ಬರೆದು ಟಿಕೆಟ್ ಕಳಿಸುವುದು ನನ್ನ ಕೆಲಸ. ಈ ಸಲದ ಬಗ್ ಹೀಗಿತ್ತು. ಬಳಕೆದಾರರು ಅರ್ಜಿ ತುಂಬುತ್ತಾರೆ, ಫೋಟೋ ತೆಗೆಯಲು ಕ್ಯಾಮೆರಾಗೆ ಹೋಗುತ್ತಾರೆ, ವಾಪಸ್ ಬಂದರೆ ಅರ್ಜಿಯೆಲ್ಲ ಖಾಲಿ. ಕೈಯಲ್ಲಿ ಇದ್ದದ್ದು ಒಂದೇ ಒಂದು ಸ್ಕ್ರೀನ್ ರೆಕಾರ್ಡಿಂಗ್, 52 ಸೆಕೆಂಡಿನದು. ಆಂಡ್ರಾಯ್ಡ್ ಫೋನು, ಬೆರಳಿನ ಗುರುತು ಕಾಣುತ್ತಿರಲಿಲ್ಲ, ದನಿಯೂ ಇಲ್ಲ. ಡೆವಲಪರ್ ಎರಡು ಸಲ ಟಿಕೆಟ್ ವಾಪಸ್ ಕಳಿಸಿದ್ದರು. ‘ನಮ್ಮಲ್ಲಿ ಬರ್ತಾನೇ ಇಲ್ಲ. ವಿಡಿಯೋ ನೋಡಿ ಸ್ಟೆಪ್ಸ್ ಬರೆಯೋದು ಕಣಿ ಹೇಳಿದ ಹಾಗೆ’ ಅಂದರು. ನನಗೆ ಒಪ್ಪಿಕೊಂಡ ಬಗ್‌ಗೆ ಮಾತ್ರ ದುಡ್ಡು. ವಾಪಸ್ ಬಂದ ಟಿಕೆಟ್ ಅಂದರೆ ಅಷ್ಟು ದಿನದ ಕೆಲಸ ಪುಕ್ಕಟೆ.

ಮೊದಲ ತಪ್ಪು ನನ್ನದೇ. ಕಂಡದ್ದನ್ನು ಕಂಡಂತೆ 11 ಸ್ಟೆಪ್ ಬರೆದು ಕಳಿಸಿದ್ದೆ. ಅದು ಕಥೆ ಆಯಿತೇ ಹೊರತು ಸ್ಟೆಪ್ಸ್ ಆಗಲಿಲ್ಲ. ಹಾಗೇ ಮಾಡಿದರೆ ನನ್ನ ಫೋನಿನಲ್ಲೂ ಬಗ್ ಬರಲಿಲ್ಲ.

ಎರಡನೇ ಸುತ್ತಿನಲ್ಲಿ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ವಿಡಿಯೋದಲ್ಲಿ ಕಣ್ಣಿಗೆ ಬಿದ್ದದ್ದು, ಬಲಕ್ಕೆ ನಾನು ಊಹಿಸಿದ್ದು. ಮೊದಲ ಸುತ್ತಿನಲ್ಲಿ, ತೆಗೆದ ಫೋಟೋ ಒಪ್ಪಲು ‘ಬಳಕೆದಾರರು ಟಿಕ್ ಒತ್ತಿದರು’ ಅಂತ ಬರೆದಿದ್ದೆ, ಅದು ಬಲಗಡೆ ಹೋಯಿತು. ಬ್ಯಾಕ್ ಮಾಡಿಯೂ ಬಂದಿರಬಹುದು, ಅಲ್ವಾ? ಒಂದೊಂದೇ ಫ್ರೇಮ್ ನೋಡಿದೆ. ಬ್ಯಾಕ್ ಸನ್ನೆ ಮಾಡಿದ್ದರೆ ಪರದೆಯ ಅಂಚಿನಲ್ಲಿ ಪುಟ್ಟ ಬಾಣ ಮೂಡಬೇಕಿತ್ತು, ಮೂಡಿರಲಿಲ್ಲ. ಟಿಕ್ ಬಟನ್ ಮಾತ್ರ ಒಂದೆರಡು ಫ್ರೇಮಿನಲ್ಲಿ ಸ್ವಲ್ಪ ಕಪ್ಪಾಗಿತ್ತು. ಆಮೇಲೆ ಅದು ಎಡಕ್ಕೆ ಬಂತು. ಈ ಕೆಲಸಕ್ಕೆ ನಾನು mpv ಅನ್ನುವ ವಿಡಿಯೋ ಪ್ಲೇಯರ್ ಬಳಸುತ್ತೇನೆ, ಚುಕ್ಕೆ ಒತ್ತಿದರೆ ಮುಂದೆ, ಅಲ್ಪವಿರಾಮ ಒತ್ತಿದರೆ ಹಿಂದೆ. VLC ಯಲ್ಲಿ E ಒತ್ತಿ ಮುಂದೆ ಹೋಗಬಹುದು, ಆದರೆ ಹಿಂದಕ್ಕೆ ಬರಲು ಒದ್ದಾಡಬೇಕು.

ಇಲ್ಲೇ ಇನ್ನೊಂದು ಏಟು ತಿಂದೆ. ಫ್ರೇಮ್ ಎಣಿಸಿ, ಸೆಕೆಂಡಿಗೆ 30 ಅಂತ ಲೆಕ್ಕ ಹಾಕಿ, ಬಳಕೆದಾರರು ತೆಗೆದ ಫೋಟೋ ನೋಡುತ್ತಾ ಎರಡೇ ಸೆಕೆಂಡು ನಿಂತಿದ್ದರು ಅಂದುಕೊಂಡೆ. ಫೋನಿನ ರೆಕಾರ್ಡಿಂಗ್ ಹಾಗೆ ಇರುವುದಿಲ್ಲ. ಪರದೆ ಅಲುಗದಿದ್ದರೆ ಹೊಸ ಫ್ರೇಮ್ ಬರುವುದೇ ಅಪರೂಪ. ಪ್ರತಿ ಫ್ರೇಮಿನ ನಿಜವಾದ ಸಮಯ ffmpeg ಜೊತೆ ಬರುವ ffprobe ಹೇಳುತ್ತದೆ:

```
ffprobe -v error -select_streams v:0 -show_entries frame=pts_time -of csv=p=0 bug.mp4
```

ನೋಡಿದರೆ ಆ ಜಾಗದಲ್ಲಿ ಸುಮಾರು 11 ಸೆಕೆಂಡು ಇತ್ತು! ಬಳಕೆದಾರರು ಫೋಟೋ ಚೆನ್ನಾಗಿ ಬಂದಿದೆಯಾ ಅಂತ ನೋಡುತ್ತಾ ನಿಂತಿದ್ದರು. ಈ 11 ಸೆಕೆಂಡೇ ಮುಂದೆ ಕೆಲಸಕ್ಕೆ ಬಂತು.

ಅದಕ್ಕೂ ಮೊದಲು ಎರಡು ದಿನ ಬೇರೆ ದಾರಿಯಲ್ಲಿ ಕಳೆದೆ. ವಿಡಿಯೋದಲ್ಲಿ ಫೋಟೋ ಅಡ್ಡ ಹಿಡಿದು ತೆಗೆದಿದ್ದರು. ಫೋನ್ ತಿರುಗಿಸಿದ್ದರಿಂದ ಅರ್ಜಿ ಖಾಲಿಯಾಗಿದೆ ಅಂತ ನನಗೆ ಖಾತ್ರಿ. ಐವತ್ತು ಸಲವಾದರೂ ತಿರುಗಿಸಿದ್ದೇನೆ, ಕ್ಯಾಮೆರಾ ಒಳಗೆ, ಹೊರಗೆ, ತಿರುಗುವ ಹೊತ್ತಿಗೇ ಟಿಕ್ ಒತ್ತಿ. ಒಂದಕ್ಷರವೂ ಅಳಿಸಲಿಲ್ಲ. ಕೈ ನೋವು ಬಂದದ್ದಷ್ಟೇ ಲಾಭ.

ಕೊನೆಗೆ ಟಿಕ್ ಒತ್ತಿದ ನಂತರದ ಆರು ಸೆಕೆಂಡನ್ನು ಚಿತ್ರಗಳಾಗಿ ಬಿಡಿಸಿದೆ:

```
ffmpeg -ss 38 -i bug.mp4 -t 6 -fps_mode passthrough f_%03d.png
```

ಹಳೇ ffmpeg ಆದರೆ `-vsync 0` ಹಾಕಿ. passthrough ಬಿಟ್ಟರೆ ಅದು ತಾನೇ ಫ್ರೇಮ್ ಸೇರಿಸುತ್ತದೆ ಅಥವಾ ಬಿಡುತ್ತದೆ, ಆಮೇಲೆ ನೀವು ಇಲ್ಲದ್ದನ್ನು ನೋಡುತ್ತಾ ಕೂರುತ್ತೀರಿ.

ಕ್ಯಾಮೆರಾ ಮುಚ್ಚಿ ಅರ್ಜಿ ಬರುವ ನಡುವೆ ನಾಲ್ಕೈದು ಫ್ರೇಮಿನಲ್ಲಿ ಬಿಳಿ ಪರದೆ, ನಡುವೆ ಆ್ಯಪಿನ ಐಕಾನ್. ಆ್ಯಪನ್ನು ಹೊಸದಾಗಿ ತೆರೆದಾಗ ಬರುತ್ತದಲ್ಲ, ಅದೇ. ಬರೀ ಹಿಂದಕ್ಕೆ ಬಂದಿದ್ದರೆ ಅದು ಯಾಕೆ ಬರಬೇಕು? ಅಂದರೆ ಕ್ಯಾಮೆರಾ ತೆರೆದಿದ್ದ ಆ 11 ಸೆಕೆಂಡಿನಲ್ಲಿ ಸಿಸ್ಟಮ್ ಮೆಮೊರಿ ಸಾಲದೆ ಆ್ಯಪಿನ ಪ್ರಾಸೆಸನ್ನೇ ಮುಗಿಸಿತ್ತು. ರೆಕಾರ್ಡಿಂಗ್ ಕೂಡ ಮೆಮೊರಿ ತಿನ್ನುತ್ತದೆ, ಅದಕ್ಕೇ ಬಳಕೆದಾರರು ‘ರೆಕಾರ್ಡ್ ಮಾಡಿದರೆ ಜಾಸ್ತಿ ಬರುತ್ತೆ’ ಅಂದಿದ್ದರು. ನಾನು ಆ ಮಾತಿಗೆ ನಕ್ಕಿದ್ದೆ.

ಇನ್ನು ಅದನ್ನು ಬೇಕೆಂದಾಗ ಬರಿಸಬೇಕು. ಮೊದಲು, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸುವ adb ಬಳಸಿ `am force-stop` ಹೊಡೆದೆ. ಅದು ಟಾಸ್ಕನ್ನೇ, ಅಂದರೆ ವಾಪಸ್ ಬರಬೇಕಾದ ಪರದೆಗಳ ಸಾಲನ್ನೇ ಕಿತ್ತುಹಾಕುತ್ತದೆ, ಟಿಕ್ ಒತ್ತಿ ವಾಪಸ್ ಬರಲು ಅರ್ಜಿಯೇ ಇರುವುದಿಲ್ಲ. ವಿಡಿಯೋಗೆ ಹೊಂದಲಿಲ್ಲ. ಆಮೇಲೆ ಡೆವಲಪರ್ ಆಯ್ಕೆಗಳಲ್ಲಿ Don't keep activities ಹಾಕಿದೆ. ಅರ್ಜಿ ಹಾಗೇ ಉಳಿಯಿತು. ಇದನ್ನೇ ತೋರಿಸಿ ಡೆವಲಪರ್ ‘ನೋಡಿ, ನಾವು ಟೆಸ್ಟ್ ಮಾಡಿದ್ದೇವೆ’ ಅಂದಿದ್ದರು. ಆ ಆಯ್ಕೆ ಪರದೆಯನ್ನು ಅಳಿಸುತ್ತದೆ, ಪ್ರಾಸೆಸ್ ಬದುಕಿರುತ್ತದೆ. ಅರ್ಜಿಯ ಮಾಹಿತಿ ಪ್ರಾಸೆಸಿನ ಒಳಗೆ, ಅದು ಬದುಕಿರುವಷ್ಟು ಹೊತ್ತು ಮಾತ್ರ ಇರುವ ಒಂದು ಸಿಂಗಲ್ಟನ್‌ನಲ್ಲಿ ಕೂತಿತ್ತು, ಅದಕ್ಕೇ ಉಳಿದಿತ್ತು. ಇದು ಗೊತ್ತಾದದ್ದು ಆಮೇಲೆ. ಮೂರನೆಯದು ಫಲಿಸಿತು:

```
adb shell pidof com.example.app
adb shell am kill com.example.app
```

am kill ಹಿಂದೆ ಹೋಗಿರುವ ಆ್ಯಪನ್ನು ಮಾತ್ರ ಮುಗಿಸುತ್ತದೆ, ಟಾಸ್ಕ್ ಉಳಿಸುತ್ತದೆ. ಆ್ಯಪ್ ಮುಂದೆಯೇ ಇದ್ದರೆ ಸುಮ್ನೆ ಏನೂ ಆಗುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಆದ್ದರಿಂದ ಕ್ಯಾಮೆರಾ ತೆರೆದ ಮೇಲೆ ಹೊಡೆಯಬೇಕು. ಮೊದಲ ಸಾಲು ಪ್ರಾಸೆಸಿನ ನಂಬರ್ ಹೇಳುತ್ತದೆ, ಅದನ್ನು ಮುಂಚೆ ಒಮ್ಮೆ, ವಾಪಸ್ ಬಂದ ಮೇಲೆ ಒಮ್ಮೆ ಹೊಡೆಯಬೇಕು. ನಂಬರ್ ಬದಲಾಗಿದ್ದರೆ ಪ್ರಾಸೆಸ್ ನಿಜಕ್ಕೂ ಸತ್ತಿತ್ತು ಅಂತ ಅರ್ಥ.

ಹತ್ತಕ್ಕೆ ಹತ್ತು ಸಲ ಖಾಲಿ! ಬಿಳಿ ಪರದೆ, ಐಕಾನ್, ಎಲ್ಲ ವಿಡಿಯೋದ ತರಹವೇ.

ನಂತರ ಕತ್ತರಿ ಹಾಕಿದೆ. 11 ಸ್ಟೆಪ್‌ನಲ್ಲಿ ಒಂದೊಂದನ್ನೇ ತೆಗೆದು ಮತ್ತೆ ಮಾಡಿ ನೋಡಿದೆ. ಫೋನ್ ತಿರುಗಿಸುವುದು ಬೇಡ. ಅರ್ಜಿಯ ಏಳು ಜಾಗವೂ ತುಂಬಬೇಕಿಲ್ಲ, ಒಂದು ಸಾಕು. ಉಳಿದದ್ದು ಇಷ್ಟು:

1. ಆ್ಯಪ್ ತೆರೆದು ‘ಹೊಸ ಅರ್ಜಿ’ ಒತ್ತಿ.
2. ಹೆಸರಿನ ಜಾಗದಲ್ಲಿ ಏನಾದರೂ ಟೈಪ್ ಮಾಡಿ.
3. ‘ಫೋಟೋ’ ಒತ್ತಿ, ಕ್ಯಾಮೆರಾ ತೆರೆಯುತ್ತದೆ.
4. ಫೋಟೋ ತೆಗೆಯಿರಿ. ಟಿಕ್ ಒತ್ತಬೇಡಿ.
5. ಕಂಪ್ಯೂಟರಿನಿಂದ ಮೇಲಿನ am kill ಕೊಡಿ.
6. ಟಿಕ್ ಒತ್ತಿ.

ಆಗಬೇಕಾದದ್ದು: ಹೆಸರು ಮತ್ತು ಫೋಟೋ ಎರಡೂ ಅರ್ಜಿಯಲ್ಲಿ ಇರಬೇಕು. ಆಗುತ್ತಿರುವುದು: ಎರಡೂ ಇಲ್ಲ. ಕೆಳಗೆ ವಿಡಿಯೋದ ಬಿಳಿ ಫ್ರೇಮಿನ ಚಿತ್ರ, ಅದು ಬರುವ ಸೆಕೆಂಡು. 5ನೇ ಸ್ಟೆಪ್ ನನ್ನ ಊಹೆ, ವಿಡಿಯೋದಲ್ಲಿ ಕಂಡದ್ದಲ್ಲ ಅಂತ ಬಿಡಿಸಿ ಬರೆದೆ. ಅದನ್ನು ಮುಚ್ಚಿಟ್ಟಿದ್ದರೆ ‘ಬಳಕೆದಾರರು ಎಲ್ಲಿ adb ಓಡಿಸ್ತಾರೆ’ ಅಂತ ಮೂರನೇ ಸಲವೂ ವಾಪಸ್ ಬರುತ್ತಿತ್ತು.

ಆ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಅದಕ್ಕೆ 2 ಜಿಬಿ ಮೆಮೊರಿಯ ಹಳೇ ಫೋನ್ ಒಂದನ್ನು ಕೊಂಡೆ. ಆ ತಿಂಗಳ ದುಡಿಮೆಯ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು, ಮನೆಯಲ್ಲಿ ಬೈಸಿಕೊಂಡೆ. ಅದರಲ್ಲಿ adb ಇಲ್ಲದೆಯೇ, ರೆಕಾರ್ಡಿಂಗ್ ಹಾಕಿಕೊಂಡು ಮಾಡಿದರೆ ಹತ್ತರಲ್ಲಿ ಮೂರು ಸಲ ಬಂತು. ಅದನ್ನೂ ಸೇರಿಸಿದೆ. ಹತ್ತರಲ್ಲಿ ಮೂರನ್ನು ಏಳರ ತನಕ ಒಯ್ಯುವ ಒಂದು ಕೈಚಳಕ ನನ್ನ ಹತ್ತಿರ ಇದೆ, ಅದು ಇಲ್ಲಿ ಬೇಡ. ಅದರಿಂದಲೇ ಈಗ ನನ್ನ ಹೊಟ್ಟೆ ತುಂಬುತ್ತಿರುವುದು.

ಈ ವಿಧಾನಕ್ಕೆ ಸಿಗದ ವಿಡಿಯೋಗಳೂ ಇವೆ. ಕಾರಣ ರೆಕಾರ್ಡಿಂಗ್ ಶುರುವಾಗುವ ಮೊದಲೇ ನಡೆದುಹೋಗಿದ್ದರೆ ಎಷ್ಟು ಫ್ರೇಮ್ ಬಿಡಿಸಿದರೂ ಏನೂ ಸಿಗುವುದಿಲ್ಲ. ಈಗ ವಿಡಿಯೋ ಕೇಳುವಾಗಲೇ ಆ್ಯಪ್ ಮುಚ್ಚಿ, ರೆಕಾರ್ಡಿಂಗ್ ಹಾಕಿ, ಆಮೇಲೆ ಆ್ಯಪ್ ತೆರೆಯಿರಿ ಅನ್ನುತ್ತೇನೆ. ಡೆವಲಪರ್ ಆಯ್ಕೆಗಳಲ್ಲಿ Show taps ಹಾಕಿಸುತ್ತೇನೆ. ಮೆಸೇಜ್ ಆ್ಯಪಿನಲ್ಲಿ ವಿಡಿಯೋ ಆಗಿ ಕಳಿಸಬೇಡಿ, ಫೈಲ್ ಆಗಿ ಕಳಿಸಿ ಅನ್ನುತ್ತೇನೆ, ಇಲ್ಲದಿದ್ದರೆ ಅದು ಹಿಂಡಿ ಹಿಪ್ಪೆ ಮಾಡಿ ಟಿಕ್ ಬಟನ್ನಿನ ಆ ಸಣ್ಣ ನೆರಳೂ ಉಳಿಯುವುದಿಲ್ಲ.

ಟಿಕೆಟ್ ಮೂರನೇ ಸಲ ಹೋದದ್ದು ಸಂಜೆ. ಮರುದಿನ ಮಧ್ಯಾಹ್ನದೊಳಗೆ ಅದೇ ಡೆವಲಪರ್ ‘ಬಂತು, ಸಿಂಗಲ್ಟನ್’ ಅಂತ ಎರಡೇ ಪದ ಬರೆದಿದ್ದರು. ಕಣಿಯ ಮಾತು ಎತ್ತಲಿಲ್ಲ.