ಸಭಿಕರಿಲ್ಲದ ಭಾಷಣ: ವೇದಿಕೆಯ ಮಾತನ್ನು ವಿಡಿಯೊ ಸ್ಕ್ರಿಪ್ಟ್ ಆಗಿಸುವುದು ಹೇಗೆ?

ಆಸ್ಪತ್ರೆ ಸೋಂಕು ತಡೆಯ ಕುರಿತ ಸಮ್ಮೇಳನವೊಂದರಲ್ಲಿ ದಿಕ್ಸೂಚಿ ಭಾಷಣ ಮಾಡಲು ಬಂದ ವೈದ್ಯೆ, ವಂದನೆಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು: ‘ಈ ಸಭಾಂಗಣಕ್ಕೆ ಬರುವ ಮುನ್ನ ಎಷ್ಟು ಮಂದಿ ಸೋಪು ಹಚ್ಚಿ ಕೈ ತೊಳೆದಿರಿ? ಕೈ ಎತ್ತಿ.’ ಕುಳಿತಿದ್ದ ಆರುನೂರು ಜನರಲ್ಲಿ ಅರ್ಧದಷ್ಟು ಮಂದಿ ಕೈ ಎತ್ತಿದರು. ಉಳಿದವರು ಅಕ್ಕಪಕ್ಕದವರ ಮುಖ ನೋಡಿ ನಕ್ಕರು. ವೈದ್ಯೆ ಏನೂ ಹೇಳದೆ ನಿಂತಿದ್ದರು. ನಗು ತಾನಾಗಿಯೇ ಅಡಗಿತು. ಮುಂದಿನ ಮಾತಿಗೆ ಸಭೆ ಸಿದ್ಧವಾಗಿತ್ತು.

ಕೆಲವು ವಾರಗಳ ನಂತರ ಅದೇ ಭಾಷಣವನ್ನು ವಿಡಿಯೊ ಮಾಡಬೇಕೆಂದು ಅವರು ಸ್ಟುಡಿಯೊದಲ್ಲಿ ಕುಳಿತು, ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕ್ಯಾಮೆರಾದ ಮುಂದೆ ಕೇಳಿದರು. ಸಭಾಂಗಣದಲ್ಲಿ ಕಾದಷ್ಟೇ ಹೊತ್ತು ಕಾದರು. ತೆರೆಯ ಮೇಲೆ ಅದು ಮಾತು ಮರೆತು ನಿಂತವರ ಮುಖದಂತೆ ಕಾಣಿಸಿತು. ಸ್ಕ್ರಿಪ್ಟ್ ತಿದ್ದಲು ನನ್ನನ್ನು ಕರೆದದ್ದು ಆಗ.

ಇಲ್ಲಿ ತಪ್ಪು ವೈದ್ಯೆಯದಲ್ಲ. ಒಳ್ಳೆಯ ಭಾಷಣದಲ್ಲಿ ಒಂದಿಷ್ಟು ಕೆಲಸವನ್ನು ಸಭೆಯೇ ಮಾಡುತ್ತಿರುತ್ತದೆ. ಎತ್ತಿದ ಕೈಗಳು ಪುರಾವೆಯಾಗುತ್ತವೆ, ನಗು ಉಸಿರಾಡಲು ಬಿಡುವು ಕೊಡುತ್ತದೆ, ಮೌನ ಮಾತಿಗೆ ತೂಕ ತರುತ್ತದೆ. ಇವು ಯಾವುವೂ ಭಾಷಣದ ಬರಹದಲ್ಲಿ ಇರುವುದಿಲ್ಲ. ಹೀಗಾಗಿ ಭಾಷಣವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ವಿಡಿಯೊ ಸ್ಕ್ರಿಪ್ಟ್ ಆಗುವುದಿಲ್ಲ. ಸಭೆ ಎಲ್ಲೆಲ್ಲಿ ಯಾವ ಕೆಲಸ ಮಾಡಿತು ಎಂದು ಹುಡುಕಿ, ಆ ಕೆಲಸವನ್ನು ಬೇರೊಂದಕ್ಕೆ ವಹಿಸಬೇಕು.

ಮೊದಲು ಸಭೆಯನ್ನು ಬರೆದುಕೊಳ್ಳಿ

ಭಾಷಣಕಾರರು ಮೊದಲೇ ಬರೆದಿಟ್ಟುಕೊಂಡ ಪ್ರತಿಯಿಂದ ಆರಂಭಿಸಬೇಡಿ. ಸಮ್ಮೇಳನದ ಧ್ವನಿಮುದ್ರಣ ಕೇಳಿಸಿಕೊಂಡು, ನಿಜವಾಗಿ ಆಡಿದ ಮಾತನ್ನು ಬರೆದುಕೊಳ್ಳಿ. ಮಾತಿನ ನಡುವೆ ಸಭೆ ಏನು ಮಾಡಿತು ಎಂಬುದನ್ನೂ ಗುರುತು ಹಾಕುತ್ತ ಹೋಗಿ: ‘ನಗು, 4 ಸೆಕೆಂಡು’, ‘ಮೌನ, 6 ಸೆಕೆಂಡು’, ‘ಚಪ್ಪಾಳೆ’. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ.

ಬರೆದು ಮುಗಿದ ಮೇಲೆ ಇನ್ನೊಮ್ಮೆ ಓದುತ್ತ, ಆ ಕೋಣೆಯಲ್ಲಿ ಇದ್ದವರಿಗೆ ಮಾತ್ರ ಅರ್ಥವಾಗುವ ಪದಗಳಿಗೆ ಅಡಿಗೆರೆ ಎಳೆಯಿರಿ. ‘ಈಗಷ್ಟೇ ಮಾತನಾಡಿದವರು ಹೇಳಿದಂತೆ’, ‘ಇಂದು ಬೆಳಿಗ್ಗೆ’, ‘ನೀವೆಲ್ಲ’, ‘ಇಲ್ಲಿ ನೋಡಿ’ ಇಂಥವು. ಇವುಗಳಲ್ಲಿ ಹೆಚ್ಚಿನವನ್ನು ನಿಸ್ಸಂಕೋಚವಾಗಿ ಅಳಿಸಬಹುದು. ‘ನೀವೆಲ್ಲ’ ಎಂಬುದು ‘ನೀವು’ ಆಗಬೇಕು, ಏಕೆಂದರೆ ವಿಡಿಯೊ ನೋಡುವವರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ‘ಇಲ್ಲಿ ನೋಡಿ’ ಎಂಬುದನ್ನು ಮಾತ್ರ ತಕ್ಷಣ ಅಳಿಸದೆ ಗುರುತು ಹಾಕಿಡಿ. ಅಲ್ಲಿ ಸ್ಲೈಡ್ ಏನೋ ಹೇಳುತ್ತಿತ್ತು.

ಒಂದೇ ಎಳೆ

ವೈದ್ಯೆಯ ಭಾಷಣ 42 ನಿಮಿಷದ್ದು. ಅದರಲ್ಲಿ ನಾಲ್ಕು ಭಾಗಗಳಿದ್ದವು: ಕೈ ತೊಳೆಯುವ ಪದ್ಧತಿಯ ಇತಿಹಾಸ, ಇಂದಿನ ಆಸ್ಪತ್ರೆಗಳ ಸ್ಥಿತಿ, ಖರ್ಚುವೆಚ್ಚ, ಪ್ರತಿನಿಧಿಗಳಿಗೆ ಕರೆ. ಸಮ್ಮೇಳನಕ್ಕೆ ಬಂದವರು ನಾಲ್ಕನ್ನೂ ಕೇಳುತ್ತಾರೆ, ನಡುವೆ ಎದ್ದು ಹೋಗಲು ಅವರಿಗೆ ಸಂಕೋಚವಿರುತ್ತದೆ. ವಿಡಿಯೊ ನೋಡುವವರಿಗೆ ಆ ಸಂಕೋಚ ಇಲ್ಲ. ಒಂಬತ್ತು ನಿಮಿಷಕ್ಕೆ ಇಳಿಸುವಾಗ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಉಳಿಸುವುದು ಎಲ್ಲರೂ ಮಾಡುವ ತಪ್ಪು. ನಾವು ಇತಿಹಾಸದ ಭಾಗವೊಂದನ್ನೇ ಇಟ್ಟುಕೊಂಡೆವು. ಉಳಿದ ಮೂರೂ ಹೋದವು. ವೈದ್ಯೆಗೆ ಅದು ಸುಲಭವಾಗಿರಲಿಲ್ಲ.

ಆ ಇತಿಹಾಸ ವಿಯೆನ್ನಾದ ಆಸ್ಪತ್ರೆಯೊಂದರದು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1840ರ ದಶಕದ ಮೊದಲ ವರ್ಷಗಳಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ ಸುಮಾರು 10 ತಾಯಂದಿರು ಸಾಯುತ್ತಿದ್ದರೆ, ಎರಡನೆಯದರಲ್ಲಿ ಸುಮಾರು 4. ಕಾರಣವನ್ನು ಕಂಡುಹಿಡಿಯಲು ಹೊರಟವರು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು.

ಸಭೆಯ ಕೆಲಸವನ್ನು ಯಾರಿಗೆ ವಹಿಸುವುದು?

ಕೈ ಎತ್ತಿಸಿದ ಪ್ರಶ್ನೆಗೆ ಹಿಂದಿರುಗೋಣ. ನನ್ನ ಮೊದಲ ಪ್ರಯತ್ನ ಹೀಗಿತ್ತು: ‘ನೀವು ಇದನ್ನು ನೋಡುತ್ತಿರುವ ಮೊಬೈಲ್ ಮುಟ್ಟುವ ಮುನ್ನ ಕೈ ತೊಳೆದಿದ್ದಿರಾ?’ ಕೇಳಲು ಚೆನ್ನಾಗಿದೆ, ಆದರೆ ಕೆಲಸ ಮಾಡಲಿಲ್ಲ. ಸಭಾಂಗಣದಲ್ಲಿ ಆ ಪ್ರಶ್ನೆ ಕೆಣಕಲಿಕ್ಕಾಗಿ ಬಂದದ್ದಲ್ಲ. ಸೋಂಕು ತಡೆಯುವುದನ್ನೇ ವೃತ್ತಿ ಮಾಡಿಕೊಂಡವರೂ ಕೈ ತೊಳೆದಿರುವುದಿಲ್ಲ ಎಂಬುದಕ್ಕೆ ಅದು ಕಣ್ಣೆದುರಿನ ಪುರಾವೆ ಕೊಟ್ಟಿತ್ತು. ಒಬ್ಬರೇ ಕುಳಿತ ವೀಕ್ಷಕರು ಆ ಪುರಾವೆ ಕೊಡಲಾರರು. ಹಾಗಾಗಿ ಪ್ರಶ್ನೆಯನ್ನು ಕೈಬಿಟ್ಟು, ಸಭೆಯನ್ನೇ ಕಥೆಯಾಗಿ ಒಳಗೆ ತಂದೆವು:

‘ಸೋಂಕು ತಡೆಯುವುದೇ ವೃತ್ತಿಯಾಗಿರುವ ಆರುನೂರು ಜನರಿಗೆ ನಾನೊಮ್ಮೆ ಒಂದು ಪ್ರಶ್ನೆ ಕೇಳಿದೆ. ಕೈ ತೊಳೆದು ಒಳಗೆ ಬಂದವರು ಯಾರು? ಅರ್ಧದಷ್ಟು ಮಂದಿ ಕೈ ಎತ್ತಲಿಲ್ಲ.’

ಮೂರೇ ವಾಕ್ಯ, ಕಾಯುವ ಅಗತ್ಯವಿಲ್ಲ. ವಿಡಿಯೊ ಆರಂಭವಾಗುವುದೂ ಇಲ್ಲಿಂದಲೇ. ವಂದನೆ, ಆಹ್ವಾನಿಸಿದ್ದಕ್ಕೆ ಕೃತಜ್ಞತೆ, ವಿಷಯದ ಪರಿಚಯ ಯಾವುದೂ ಇದಕ್ಕಿಂತ ಮೊದಲು ಬರಬಾರದು.

ಮೌನದ ಜಾಗ ಇನ್ನೂ ಕಷ್ಟದ್ದು. ಎರಡು ವಿಭಾಗಗಳ ಸಾವಿನ ಲೆಕ್ಕ ಕೊಟ್ಟು ವೈದ್ಯೆ ‘ಏಕೆ ಹೀಗೆ?’ ಎಂದು ಕೇಳಿ, ಆರು ಸೆಕೆಂಡು ಸುಮ್ಮನಿದ್ದರು. ಸಭಿಕರು ಆ ಹೊತ್ತಿನಲ್ಲಿ ತಮ್ಮೊಳಗೇ ಉತ್ತರ ಹುಡುಕಿದರು, ತಪ್ಪು ಉತ್ತರಗಳನ್ನೂ ಯೋಚಿಸಿದರು. ವಿಡಿಯೊದಲ್ಲಿ ಆರು ಸೆಕೆಂಡು ಮೌನವಿದ್ದರೆ ನೋಡುವವರು ಇಂಟರ್‌ನೆಟ್ ನಿಂತಿತೇ ಎಂದು ಯೋಚಿಸುತ್ತಾರೆ. ಆದ್ದರಿಂದ ಸಭಿಕರ ಮನಸ್ಸಿನಲ್ಲಿ ಹಾದುಹೋಗಿರಬಹುದಾದ ಊಹೆಗಳನ್ನೇ ಮಾತಿಗೆ ತಂದೆವು. ಜನಸಂದಣಿಯೇ? ಅಲ್ಲ, ಹೆಚ್ಚು ಸಂದಣಿ ಇದ್ದದ್ದು ಸಾವು ಕಡಿಮೆಯಿದ್ದ ಎರಡನೆಯ ವಿಭಾಗದಲ್ಲಿ. ಹವಾಮಾನವೇ? ಅಲ್ಲ, ಎರಡೂ ಒಂದೇ ಆಸ್ಪತ್ರೆಯವು. ಸೆಮ್ಮೆಲ್‌ವೈಸ್ ನಿಜವಾಗಿಯೂ ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸಿ ಬದಿಗಿಟ್ಟಿದ್ದರು. ಮೂಲ ಭಾಷಣದಲ್ಲಿ ಈ ಭಾಗ ಇರಲೇ ಇಲ್ಲ. ವಿಡಿಯೊಗೆಂದೇ ಹೊಸದಾಗಿ ಬರೆದೆವು, ಬೇಕಾಗಿದ್ದೂ ಇದೇ.

ನಗುವಿನ ವಿಷಯ ಬೇಗ ಮುಗಿಯುತ್ತದೆ. ಸಮ್ಮೇಳನದ ಒಳಗಿನ ಹಾಸ್ಯವನ್ನು ತೆಗೆಯಿರಿ. ಭಾರವಾದ ಭಾಗದ ನಂತರ ಸಭೆ ನಕ್ಕು ಹಗುರಾಗಿದ್ದರೆ ಆ ಬಿಡುವನ್ನು ಚಿತ್ರಕ್ಕೆ ಕೊಡಿ: ಮಾತಿಲ್ಲದ ಎರಡು ಮೂರು ಸೆಕೆಂಡುಗಳ ಒಂದು ದೃಶ್ಯ. ಮುದ್ರಿಸಿಟ್ಟ ನಗುವನ್ನು ಸೇರಿಸಲೇಬೇಡಿ.

ಸ್ಲೈಡ್‌ಗಳನ್ನು ಬಿಡಿಸುವುದು

ಇಲ್ಲಿಂದ ಮುಂದೆ ಸ್ಕ್ರಿಪ್ಟ್ ಅನ್ನು ಎರಡು ಅಂಕಣಗಳಲ್ಲಿ ಬರೆಯಿರಿ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಒಂದೇ ಸಾಲಿನಲ್ಲಿ ಎರಡೂ ಎದುರುಬದುರಾಗಿರಬೇಕು. ಯಾವ ಮಾತಿಗೆ ಚಿತ್ರವಿಲ್ಲ, ಯಾವ ಚಿತ್ರ ಮಾತಿಗಿಂತ ಮೊದಲೇ ಗುಟ್ಟು ಬಿಟ್ಟುಕೊಡುತ್ತದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ವೈದ್ಯೆಯ ಸ್ಲೈಡ್‌ನಲ್ಲಿ 1847ರ ಸಾವುಗಳ ರೇಖಾನಕ್ಷೆ ಪೂರ್ತಿಯಾಗಿ ಇತ್ತು. ಏಪ್ರಿಲ್‌ನಲ್ಲಿ ಮೊದಲ ವಿಭಾಗದ ಸಾವು ನೂರಕ್ಕೆ 18ರಷ್ಟಿತ್ತು. ಮೇ ತಿಂಗಳ ನಡುವೆ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಜೂನ್‌ನಲ್ಲಿ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಸಭಾಂಗಣದಲ್ಲಿ ಕೊನೆಯ ಸಾಲಿನವರಿಗೆ ಅಂಕಿಗಳು ಸರಿಯಾಗಿ ಕಾಣುತ್ತಿರಲಿಲ್ಲ, ವೈದ್ಯೆ ಬೆರಳು ತೋರಿಸಿದ ಕಡೆ ನೋಡಿದರು. ವಿಡಿಯೊದಲ್ಲಿ ಇಡೀ ನಕ್ಷೆ ಒಮ್ಮೆಗೇ ಬಂದರೆ, ನೋಡುವವರು ಜೂನ್ ತಿಂಗಳನ್ನು ಮೊದಲೇ ಓದಿಬಿಡುತ್ತಾರೆ. ಅದಕ್ಕೇ ಎಡ ಅಂಕಣದಲ್ಲಿ ಹೀಗೆ ಬರೆದೆವು: ಮೊದಲು ಏಪ್ರಿಲ್‌ನ ಚುಕ್ಕೆ ಮಾತ್ರ, ನಂತರ ನೀರಿನ ಬೋಗುಣಿಯ ದೃಶ್ಯ, ಆಮೇಲೆ ನಕ್ಷೆಗೆ ಮರಳಿದಾಗ ಗೆರೆ ಕೆಳಗೆ ಬೀಳುವುದು. ತೆರೆಯ ಮೇಲೆ ಇರುವ ಅಂಕಿಯೂ ಬಾಯಲ್ಲಿ ಹೇಳುವ ಅಂಕಿಯೂ ಒಂದೇ ಆಗಿರಲಿ. ‘18.3’ ಎಂದು ತೋರಿಸಿ ‘ಸುಮಾರು ಹದಿನೆಂಟು’ ಎಂದರೂ ಕಿವಿ ಕಣ್ಣು ಜಗಳವಾಡುತ್ತವೆ.

ಇನ್ನೊಂದು ಎಚ್ಚರಿಕೆ: ಸ್ಲೈಡ್‌ನಲ್ಲಿರುವ ಛಾಯಾಚಿತ್ರಗಳು ಯಾರವು ಎಂದು ಈ ಹಂತದಲ್ಲೇ ಕೇಳಿ. ಮುಚ್ಚಿದ ಸಭೆಯಲ್ಲಿ ತೋರಿಸಿದ ಚಿತ್ರವನ್ನು ಪ್ರಕಟವಾಗುವ ವಿಡಿಯೊದಲ್ಲಿ ಬಳಸಲು ಬೇರೆ ಅನುಮತಿ ಬೇಕಾಗಬಹುದು. ಚಿತ್ರೀಕರಣ ಮುಗಿದ ಮೇಲೆ ಇದು ಗೊತ್ತಾದರೆ ಮಾತನ್ನೂ ಬದಲಿಸಬೇಕಾಗುತ್ತದೆ.

ಕ್ರಿಯಾಪದ ಎಲ್ಲಿದೆ?

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ. ವೇದಿಕೆಯಲ್ಲಿ ಮಾತನಾಡುವವರ ಕೈ, ಕಣ್ಣು, ನಡಿಗೆ ಎಲ್ಲವೂ ಸೇರಿ ಉದ್ದನೆಯ ವಾಕ್ಯವನ್ನು ಅಲ್ಲಿಯವರೆಗೆ ಹಿಡಿದು ನಡೆಸುತ್ತವೆ. ವಿಡಿಯೊದಲ್ಲಿ ನಡುವೆ ಚಿತ್ರ ಬದಲಾದರೆ ಆ ಆಸರೆ ತಪ್ಪುತ್ತದೆ, ಕೇಳುವವರು ಕ್ರಿಯಾಪದ ಬರುವ ಹೊತ್ತಿಗೆ ಕರ್ತೃವನ್ನು ಮರೆತಿರುತ್ತಾರೆ. ಮೂಲ ಭಾಷಣದ ಈ ವಾಕ್ಯ ನೋಡಿ:

‘ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವಿದ್ಯಾರ್ಥಿಗಳ ಕೈಗಳೇ ಸಾವನ್ನು ಹೊತ್ತು ತರುತ್ತಿವೆ ಎಂಬುದನ್ನು, ಶವಪರೀಕ್ಷೆಯ ವೇಳೆ ಚಾಕು ತಗುಲಿ ತೀರಿಕೊಂಡ ಸಹೋದ್ಯೋಗಿ ಕೊಲೆಚ್ಕಾ ಅವರ ಪ್ರಕರಣದಿಂದ ಸೆಮ್ಮೆಲ್‌ವೈಸ್ ಅರಿತರು.’

ಸ್ಕ್ರಿಪ್ಟ್‌ನಲ್ಲಿ ಅದು ಹೀಗಾಯಿತು:

‘1847ರ ಮಾರ್ಚ್. ಸೆಮ್ಮೆಲ್‌ವೈಸ್ ಅವರ ಸಹೋದ್ಯೋಗಿ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರಿಗೆ ತಗುಲಿತ್ತು. ಅವರ ದೇಹದಲ್ಲಿ ಕಂಡದ್ದು, ಸತ್ತ ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದ ಗುರುತುಗಳೇ. ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ಎಲ್ಲಿಗೆ ಹೋಗುತ್ತಿದ್ದರು? ಹೆರಿಗೆ ಕೋಣೆಗೆ.’

ಪದಗಳು ಹೆಚ್ಚಾದವು. ಆದರೂ ಇದು ಬೇಗ ತಲುಪುತ್ತದೆ. ಉದ್ದ ಎಷ್ಟಾಯಿತು ಎಂದು ತಿಳಿಯಲು ಪದ ಎಣಿಸಬೇಡಿ. ಇಂಗ್ಲಿಷ್‌ಗೆ ಹೇಳುವ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಲೆಕ್ಕ, ವಿಭಕ್ತಿಗಳು ಅಂಟಿಕೊಂಡು ಪದಗಳು ಉದ್ದವಾಗುವ ಕನ್ನಡಕ್ಕೆ ಹೊಂದುವುದಿಲ್ಲ. ಮಾತನಾಡುವವರಿಂದಲೇ ಒಂದು ಪುಟ ಗಟ್ಟಿಯಾಗಿ ಓದಿಸಿ, ಗಡಿಯಾರ ನೋಡಿ, ಅದರ ಮೇಲೆ ಉಳಿದ ಪುಟಗಳ ಲೆಕ್ಕ ಹಾಕಿ.

ಕೇಳಿ ನೋಡುವುದು

ಚಿತ್ರೀಕರಣಕ್ಕೆ ಮುಂಚೆ ಇಡೀ ಸ್ಕ್ರಿಪ್ಟ್ ಅನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಸಮ್ಮೇಳನಕ್ಕೆ ಬಾರದ ಒಬ್ಬರಿಗೆ ಕೊಡಿ. ಅವರು ಒಬ್ಬರೇ ಕುಳಿತು ಕೇಳಲಿ, ನೀವು ಆ ಕೋಣೆಯಲ್ಲಿ ಇರಬೇಡಿ. ನೀವಿದ್ದರೆ ಅವರೇ ಸಭಿಕರಾಗಿಬಿಡುತ್ತಾರೆ. ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕಾಯಿತು, ಎಲ್ಲಿ ಗಮನ ಬೇರೆಡೆ ಹೋಯಿತು ಎಂದಷ್ಟೇ ಕೇಳಿ.

ನೀವೂ ಒಮ್ಮೆ ಕೇಳಿ. ವಾಕ್ಯದ ಕೊನೆಯಲ್ಲಿ ಧ್ವನಿ ಏರುತ್ತಿದ್ದರೆ, ಮಾತು ಇನ್ನೂ ಸಭಾಂಗಣದ ಕೊನೆಯ ಸಾಲಿಗೆ ಹೋಗುತ್ತಿದೆ ಎಂದರ್ಥ. ಓದುವವರಿಗೆ ‘ಮೆಲ್ಲಗೆ ಹೇಳಿ’ ಎಂದರೆ ಇದು ಸರಿಹೋಗುವುದಿಲ್ಲ. ಆ ವಾಕ್ಯವನ್ನೇ ನೋಡಿ, ಬಹುಪಾಲು ಅದು ಚಪ್ಪಾಳೆಗಾಗಿ ಕಟ್ಟಿದ ವಾಕ್ಯವಾಗಿರುತ್ತದೆ. ಒಂದೇ ಮಾತನ್ನು ಮೂರು ಬಾರಿ ಮೂರು ರೀತಿಯಲ್ಲಿ ಹೇಳಿ ಏರುವ ಶೈಲಿ ಸಭೆಗೆ ಹುರುಪು ತರುತ್ತದೆ, ಒಬ್ಬರಿಗೆ ಹೇಳಿದರೆ ಉಪದೇಶವಾಗುತ್ತದೆ. ಮೂರರಲ್ಲಿ ಒಂದನ್ನು ಉಳಿಸಿ.

ಹೀಗೆ ಬದಲಾಯಿಸಲು ಬಾರದ ಭಾಷಣಗಳೂ ಇವೆ. ತೀರಿಕೊಂಡ ಸಹೋದ್ಯೋಗಿಯನ್ನು ನೆನೆಯುವ ಮಾತು, ಒಂದು ಸಂಘಟನೆ ತನ್ನ ಸದಸ್ಯರ ಮುಂದೆ ಮಾಡುವ ಪ್ರತಿಜ್ಞೆ, ಇಂಥವುಗಳಲ್ಲಿ ಸಭೆಯೇ ಅರ್ಥದ ಭಾಗ. ಅವನ್ನು ಸಭಿಕರ ಸಮೇತ ಇದ್ದಂತೆಯೇ ತೋರಿಸುವುದು ಮೇಲು.

ವೈದ್ಯೆಯ ಸ್ಕ್ರಿಪ್ಟ್‌ನಲ್ಲಿ ಕೊನೆಗೆ ಉಳಿದ ತಕರಾರು ಮುಕ್ತಾಯದ್ದು. ಭಾಷಣ ಮುಗಿದದ್ದು ‘ಎಲ್ಲರಿಗೂ ಧನ್ಯವಾದ’ ಎಂದು, ಆಮೇಲೆ ದೀರ್ಘ ಚಪ್ಪಾಳೆ. ವಿಡಿಯೊದಲ್ಲಿ ಆ ಮಾತಿನ ನಂತರ ಖಾಲಿತನ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ನಾವು ಮೊದಲ ದೃಶ್ಯದ ಸಭಾಂಗಣಕ್ಕೇ ಮರಳಿದೆವು. ಬಲ ಅಂಕಣದಲ್ಲಿ ವೈದ್ಯೆಯ ಕೊನೆಯ ಮಾತು: ‘ಆ ದಿನ ಸಭೆ ಮುಗಿದ ಮೇಲೆ, ಕೈ ತೊಳೆಯುವ ಜಾಗದ ಮುಂದೆ ಸರದಿ ನಿಂತಿತ್ತು.’ ಎಡ ಅಂಕಣದಲ್ಲಿ ಬರೆದದ್ದು ಇಷ್ಟೇ: ನಲ್ಲಿ, ನೀರಿನ ಸದ್ದು, ಐದು ಸೆಕೆಂಡು.